ಪಂಚಾಯ್ತಿಗೆ ಕುಂದ್ರಲ್ಲಪ್ಪ: ಪಾಲಿನ ಜಗಳಕ್ಕೆ ಕರೆದಾಗ ಒಲ್ಲೆ ಎನ್ನಲು ಕಿವಿಮಾತು

ಫೆಬ್ರುವರಿ ಹೊತ್ತಿಗೆ ಕೊಟ್ಟೂರೇಶ್ವರನ ತೇರು, ಅದರ ಹಿಂದೆಮುಂದೆ ಮೈಲಾರದ ಕಾರಣಿಕ, ಯುಗಾದಿಗೆ ಉಚ್ಚಂಗಿದುರ್ಗ. ಕೊಟ್ಟ ಹೆಣ್ಣುಮಕ್ಕಳು, ಬೀಗರು, ಬೆಂಗಳೂರಿಗೆ ದುಡಿಯಲು ಹೋದವರು ಎಲ್ಲರೂ ಊರಿಗೆ ಬರುವ ದಿನಗಳಿವು. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಹೊಲದ ಪಾಲಿನ ಮಾತು ಏಳುವುದೂ ಆಗಲೇ. ಮಾತು ಎದ್ದರೆ ಅದಕ್ಕೊಬ್ಬ ಹಿರಿಯ ಬೇಕು. ನಾಲ್ಕಕ್ಷರ ಬಲ್ಲವನು, ನೌಕರಿ ಮಾಡಿ ರಿಟೈರಾದವನು ಅಥವಾ ಸೋದರಮಾವ ಸಿಕ್ಕರೆ ಅವನ ಮನೆ ಜಗುಲಿಗೆ ಬಂದು ಕೂತು, “ಮಾಮಾ, ನೀನು ಒಂದು ಮಾತು ಹೇಳಿದ್ರೆ ಮುಗೀತದೆ” ಅನ್ನುತ್ತಾರೆ. ಆ ಮಾತಿಗೆ ಬರಲಾರೆ ಎನ್ನಬೇಕಾದವರಿಗಾಗಿ ಇಷ್ಟು.

ಹೇಳಲು ಅನುಕೂಲವಾಗಲಿ ಎಂದು ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಹೆಸರು ಬೇಡ, ಇಂಥ ಮನೆ ಎಲ್ಲ ಊರಲ್ಲೂ ಇದೆ. ಅಜ್ಜನ ಕಾಲದಿಂದ ಬಂದ ಎಂಟು ಎಕರೆ. ಅಪ್ಪ ಅವ್ವ ಇಬ್ಬರೂ ಇಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು; ಒಬ್ಬಳನ್ನು ಹರಪನಹಳ್ಳಿ ಕಡೆಗೆ, ಇನ್ನೊಬ್ಬಳನ್ನು ಹಡಗಲಿ ಕಡೆಗೆ ಕೊಟ್ಟಿದ್ದಾರೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ನಾಲ್ಕು ನಾಲ್ಕು ಎಕರೆ ಮಾಡಿಕೊಂಡು ಉಳುತ್ತಿದ್ದಾರೆ. ಅಣ್ಣನದು ಬೋರು ಇರುವ ಕೆಂಪು ಮಸಾರಿ, ಶೇಂಗಾ ಚೆನ್ನಾಗಿ ಬರುತ್ತದೆ. ತಮ್ಮನದು ಬರೀ ಗರಸು, ಆದರೆ ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಗೆ ಹತ್ತಿಕೊಂಡಿದೆ. ರಸ್ತೆ ಅಗಲವಾಗಿ ಗರಸಿಗೆ ಕಿಮ್ಮತ್ತು ಬಂದಮೇಲೆ ಅಣ್ಣನಿಗೆ ಹಳೆಯ ಪಾಲು ಸರಿ ಕಾಣುತ್ತಿಲ್ಲ. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಅಣ್ಣ ಸೋದರಮಾವನ ಹತ್ತಿರ ಬಂದಿದ್ದಾನೆ. ಆ ಸೋದರಮಾವ ನೀವು.

• ಒಲ್ಲೆ ಎನ್ನುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: “ನಾನು ಏನು ಮಾಡ್ಲಿ ಅಂತೀಯಪ್ಪ?” ಮೊದಲು “ನ್ಯಾಯ ಹೇಳು” ಅನ್ನುತ್ತಾನೆ. ಸ್ವಲ್ಪ ಸುಮ್ಮನಿದ್ದರೆ ನಿಜವಾದ ಕೆಲಸ ಹೊರಗೆ ಬರುತ್ತದೆ: “ತಂಗೇರು ನಿನ್ನ ಮಾತು ಮೀರಲ್ಲ, ಅವರ ಕಡೆಯಿಂದ ಒಂದು ಸಹಿ ಹಾಕಿಸಿಬಿಡು.” ಪಾಲಿನ ಪಂಚಾಯ್ತಿಗೆ ಕರೆಯುವವರಲ್ಲಿ ಬಹಳ ಮಂದಿಗೆ ಬೇಕಾದದ್ದು ಪಂಚರಲ್ಲ, ಎದುರಿನವರನ್ನು ಬಗ್ಗಿಸುವ ಒಬ್ಬ ದೊಡ್ಡ ಮನುಷ್ಯ. ಇದು ಗೊತ್ತಾದರೆ ನಿಮ್ಮ ನಿರಾಕರಣೆಗೆ ಕಾರಣ ಹುಡುಕಬೇಕಾಗಿಲ್ಲ. ಸೋದರಮಾವನಿಗೆ ನಾಲ್ವರೂ ಅಕ್ಕನ ಮಕ್ಕಳೇ. ಇಬ್ಬರ ಪರವಾಗಿ ಇನ್ನಿಬ್ಬರ ಮನೆಗೆ ಹೋಗಿ ಸಹಿ ಕೇಳಿದರೆ ಅಂದಿಗೇ ಸೋದರಮಾವನ ಸ್ಥಾನ ಹೋಯಿತು.

• ಆ ಸಹಿ ಎಂದರೆ ಎಷ್ಟು ಎಂಬುದು ನಿಮಗೆ ತಿಳಿದಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೆ ಹೇಗೆ ಎಂಬ ಗೊಂದಲವನ್ನು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಬಿಡಿಸಿತು: ಅಪ್ಪ ಆ ದಿನ ಬದುಕಿರಲೇಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಆ ಹಳೆಯ ಪಾಲು ನಿಲ್ಲುತ್ತದೆ. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಗಳಿಂದ ಗಟ್ಟಿಯಾಗಿ ರುಜುವಾತಾದರೆ ಮಾತ್ರ. ವೀರಶೈವರು, ಲಿಂಗಾಯತರು ಈ ಕಾಯ್ದೆಯ ಹೊರಗೆ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ, ಎರಡನೇ ಕಲಮಿನಲ್ಲೇ ಅವರ ಹೆಸರಿದೆ.

ನಮ್ಮ ಮನೆಯ ಲೆಕ್ಕಕ್ಕೆ ಬಂದರೆ, ಹಳೆಯ ನೋಂದಣಿ ಕಾಗದ ಯಾವುದೂ ಇಲ್ಲ. ಎಂಟು ಎಕರೆಗೆ ನಾಲ್ಕು ಪಾಲು, ತಲೆಗೆ ಎರಡು ಎಕರೆ. ಅಂದರೆ “ಒಂದು ಸಹಿ” ಎಂದು ಅಣ್ಣ ಹಗುರವಾಗಿ ಕೇಳುತ್ತಿರುವುದು ನಾಲ್ಕು ಎಕರೆ. ಅದಕ್ಕೆ ಬದಲು ಸೀರೆ ಕುಪ್ಪಸ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು.

• ಹಾಗೆಂದು ಈ ಲೆಕ್ಕವನ್ನು ನೀವೇ ಹೇಳಲು ಹೋಗಬೇಡಿ. ಕೂಡ್ಲಿಗಿ ವಿಧಾನಸಭಾ ಕ್ಷೇತ್ರವೇ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಾಯಕ ಜನ ಊರೂರಲ್ಲಿ ಇದ್ದಾರೆ. ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸದು ಎಂದು ಅದೇ ಎರಡನೇ ಕಲಮಿನ ಎರಡನೇ ಉಪಕಲಮು ಹೇಳುತ್ತದೆ. ಇದನ್ನು ಮರುಪರಿಶೀಲಿಸಿ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಕ್ಕೆ ಹೇಳಿದೆ. 2025ರ ಜುಲೈನಲ್ಲಿ ಬೇರೊಂದು ರಾಜ್ಯದ ಬುಡಕಟ್ಟು ಕುಟುಂಬದ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿ ರುಜುವಾತಾಗದಿದ್ದಾಗ ಸಮಪಾಲು ಕೊಡಬೇಕೆಂದು ತೀರ್ಪು ಬಂತು. ಆದ್ದರಿಂದ ಒಂದೇ ಓಣಿಯಲ್ಲಿ ಆಚೆ ಮನೆಗೆ ಹೊಂದುವ ಲೆಕ್ಕ ಈಚೆ ಮನೆಗೆ ಹೊಂದದು. ಹೊಲ ಅಪ್ಪ ಸ್ವಂತ ದುಡಿದು ಕೊಂಡದ್ದೋ, ಅಜ್ಜನದೋ, ದರಖಾಸ್ತಿನಲ್ಲಿ ಮಂಜೂರಾದದ್ದೋ ಎಂಬುದರ ಮೇಲೆ ಮತ್ತೆ ಬದಲು. ಜಗುಲಿ ಮೇಲೆ ಕೂತು ಇದನ್ನು ಬಿಡಿಸಲಾಗದು, ವಕೀಲರೇ ಕಾಗದ ನೋಡಿ ಹೇಳಬೇಕು. ಒಲ್ಲೆ ಎನ್ನುವುದಕ್ಕೆ ಇದಕ್ಕಿಂತ ಪ್ರಾಮಾಣಿಕ ಕಾರಣ ಬೇರೆ ಬೇಡ: “ನನಗೆ ಇದು ಗೊತ್ತಾಗಂಗಿಲ್ಲಪ್ಪ, ಗೊತ್ತಿಲ್ಲದೆ ಹೇಳಿ ನಿಮ್ಮ ನಾಲ್ವರನ್ನೂ ಕೆಡಸಂಗಿಲ್ಲ.”

• “ನೋಡಾಣ” ಅನ್ನಬೇಡಿ. ನಮ್ಮ ಕಡೆ ನೋಡಾಣ ಎಂದರೆ ಆತು ಎಂದೇ ಅರ್ಥ. ಆಚೆ ಹೋದವನು ಅದೇ ಸಂಜೆ ತಮ್ಮನಿಗೆ “ಮಾಮ ಒಪ್ಪಿಕೊಂಡಾನ” ಎಂದು ಹೇಳಿರುತ್ತಾನೆ. ಬೀಪಿ, ಶುಗರು, ಮಗಳ ಮನೆಗೆ ಹೋಗಬೇಕು ಎಂಬ ನೆವಗಳೂ ಹಾಗೆಯೇ. “ಆರಾಮಾದ ಮ್ಯಾಲೆ ಬಾ ಮಾಮ, ಕಾಯ್ತೀವಿ” ಅನ್ನುತ್ತಾರೆ. ನೆವಕ್ಕೆ ಇನ್ನೊಂದು ತಾರೀಕು ಸಿಗುತ್ತದೆ ಅಷ್ಟೆ. ನೇರ ಹೇಳುವ ಮಾತು ಇಷ್ಟಿದ್ದರೆ ಸಾಕು:

“ಅಳಿಯಾ, ನಿಮ್ಮ ಮನಿ ಪಾಲಿನ ಪಂಚಾಯ್ತಿಗೆ ನಾನು ಕುಂದ್ರಲ್ಲಪ್ಪ. ನೀವು ನಾಲ್ವರೂ ನನಗೆ ಒಂದೇ. ನಿನಗೆ ಹೇಳಿದ್ದನ್ನೇ ಇವತ್ತು ನಿನ್ನ ತಮ್ಮಗೂ ತಂಗೇರಿಗೂ ಫೋನ್ ಮಾಡಿ ಹೇಳ್ತೀನಿ. ಚಾ ಕುಡಿದು ಹೋಗು.”

ಇದರಲ್ಲಿ ಮುಖ್ಯವಾದದ್ದು ಮೂರನೆಯ ಮಾತು, ಆ ಫೋನು. ಒಬ್ಬನಿಗೆ ಮಾತ್ರ ಒಲ್ಲೆ ಎಂದರೆ ಉಳಿದವರು ನೀವು ಅವನ ಕಡೆ ಎಂದೋ, ಅವನಿಗೆ ವಿರುದ್ಧ ಎಂದೋ ಒಂದನ್ನು ತಾವೇ ಊಹಿಸಿಕೊಳ್ಳುತ್ತಾರೆ. ನಾಲ್ವರಿಗೂ ಅದೇ ದಿನ, ಅದೇ ಮಾತಿನಲ್ಲಿ, ಕೂಡಿಸದೆ ಕಳೆಯದೆ ಹೇಳಿ. ತಂಗಿ “ಅಣ್ಣ ನನ್ನ ಬಗ್ಗೆ ಏನಂದ ಮಾಮಾ?” ಎಂದು ಕೇಳಿಯೇ ಕೇಳುತ್ತಾಳೆ. “ಅದು ನೀನು ಅವನನ್ನೇ ಕೇಳವ್ವ” ಎಂದು ಅಲ್ಲಿಗೆ ಬಿಡಿ. ಈಗ ಎಲ್ಲರ ಫೋನಿನಲ್ಲೂ ಮಾತು ರೆಕಾರ್ಡು ಆಗುತ್ತದೆ ಎಂಬುದೂ ನೆನಪಿರಲಿ.

• ಕೇಳುವವರು ನಿಮಗಿಂತ ದೊಡ್ಡವರಾದರೆ, ದೊಡ್ಡಪ್ಪನೋ ಹೆಂಡತಿಯ ತವರಿನ ಹಿರಿಯರೋ ಆದರೆ, ನಾಲ್ಕು ಜನರ ಮುಂದೆ ಆಗಲ್ಲ ಎನ್ನಬೇಡಿ. ಅಲ್ಲಿ ಸುಮ್ಮನಿದ್ದು, ಮಾರನೇ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಹೇಳಿ. ಎರಡು ದಿನ ತಡವಾದರೆ ಸುಮ್ಮನಿದ್ದದ್ದೇ ಒಪ್ಪಿಗೆಯಾಗುತ್ತದೆ. “ಕೊಟ್ಟೂರೇಶ್ವರನ ಮೇಲೆ ಆಣೆ, ನೀನು ಬರಲೇಬೇಕು” ಎಂದು ಆಣೆ ಹಾಕಿದರೂ ಉತ್ತರ ಬದಲಿಸಬೇಡಿ. ಆಣೆ ಹಾಕಿದ್ದು ಅವರು, ನೀವಲ್ಲ.

• ಒಲ್ಲೆ ಎಂದ ಮೇಲೆ ಕೈಗೆ ಏನನ್ನೂ ತೆಗೆದುಕೊಳ್ಳಬೇಡಿ. ಕಾಗದದ ಚೀಲ ತಂದು “ಸುಮ್ಮನೆ ನೋಡಿ ಇಟ್ಟಿರು ಮಾಮಾ” ಅನ್ನುತ್ತಾರೆ. ಒಮ್ಮೆ ಇಟ್ಟುಕೊಂಡರೆ ಹಳೇ ಪಟ್ಟಾ ಕಳೆದದ್ದು ನಿಮ್ಮ ಮನೆಯಲ್ಲೇ ಎಂದಾಗುತ್ತದೆ. ಕೆಲವು ಕಡೆ ಪಂಚರ ಮಾತು ಮೀರಬಾರದೆಂದು ಎರಡೂ ಕಡೆಯವರಿಂದ ಮುಚ್ಚಳಿಕೆ ಬರೆಸಿಕೊಂಡು, ಇಷ್ಟು ಸಾವಿರ ಎಂದು ಠೇವಣಿ ಇಡಿಸುವ ರೂಢಿ ಇದೆ. ಆ ದುಡ್ಡು ನಿಮ್ಮ ಮನೆ ಹೊಸ್ತಿಲು ದಾಟಬಾರದು.

ಮಾತು ಹೊತ್ತೊಯ್ಯುವುದೂ ಅಷ್ಟೇ. “ಪಂಚಾಯ್ತಿ ಬೇಡ ಬಿಡು, ತಮ್ಮಗೆ ಇಷ್ಟು ಹೇಳಿಬಿಡು ಸಾಕು” ಎಂದಲ್ಲಿ ಪಂಚಾಯ್ತಿ ಹಿಂಬಾಗಿಲಿನಿಂದ ಬಂತು ಎಂದು ತಿಳಿಯಿರಿ. ವಾಟ್ಸ್ಯಾಪಿನಲ್ಲಿ ಬಂದ ಧ್ವನಿಯನ್ನು ಇನ್ನೊಬ್ಬರಿಗೆ ದಾಟಿಸುವುದೂ ಅದೇ ಕೆಲಸ.

• ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಪಂಚಾಯ್ತಿಗೆ ಒಲ್ಲೆ ಎಂದು ಗಟ್ಟಿಯಾಗಿ ಹೇಳಿದವರೂ ಆಮೇಲೆ ಸಣ್ಣ ಸಹಿಯೊಂದರಲ್ಲಿ ಸಿಕ್ಕಿಬೀಳುತ್ತಾರೆ. ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ ಹೋದಮೇಲೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಇಂದಿಗೂ ಲೆಕ್ಕಿಗರು ಅನ್ನುವವರು, ಊರಿಗೆ ಬಂದು ಅಕ್ಕಪಕ್ಕದವರನ್ನು, ನೆಂಟರನ್ನು ಕೇಳಿ ಮಹಜರು ಮಾಡುತ್ತಾರೆ. “ನೀನು ಹಿರಿಯ, ಇಲ್ಲೊಂದು ಸಹಿ ಹಾಕು” ಎಂದು ಹಾಳೆ ಮುಂದೆ ಬರುತ್ತದೆ. ಅದರಲ್ಲಿ ಅಪ್ಪನ ಹೆಸರು, ಕೆಳಗೆ ಎರಡು ಗೆರೆ, ಎರಡು ಗಂಡು ಹೆಸರು. ಹರಪನಹಳ್ಳಿಯವಳೂ ಇಲ್ಲ, ಹಡಗಲಿಯವಳೂ ಇಲ್ಲ. ಕೇಳಿದರೆ “ಅವರ್ನ ಮದುವಿ ಮಾಡಿ ಕೊಟ್ಟೀವಲ್ಲ ಮಾಮಾ” ಎಂಬ ಉತ್ತರ.

ಹಾಳೆಯನ್ನು ಕೈಯಲ್ಲಿ ಹಿಡಿದು ಹೆಸರು ಎಣಿಸಿ. ಮದುವೆಯಾದವರು, ತೀರಿಕೊಂಡವರ ಮಕ್ಕಳು, ಅಪ್ಪನಿಗೆ ಇನ್ನೊಂದು ಸಂಸಾರವಿದ್ದರೆ ಆ ಮಕ್ಕಳು, ಎಲ್ಲರೂ ಇರಬೇಕು. ಇಲ್ಲದಿದ್ದರೆ ಸಹಿ ಬೇಡ, ಲೆಕ್ಕಿಗರಿಗೆ ಅಲ್ಲೇ ಹೇಳಿ. ಸುಳ್ಳು ಎಂದು ಗೊತ್ತಿದ್ದೂ ಸಹಿ ಹಾಕಿದರೆ ಮುಂದೆ ಪೊಲೀಸ್ ಕೇಸಿನಲ್ಲಿ ಅಣ್ಣನ ಹೆಸರಿನ ಕೆಳಗೆ ನಿಮ್ಮ ಹೆಸರೂ ಬರಬಹುದು. ಹೀಗೆ ಹೇಳುವುದು ಪಂಚಾಯ್ತಿ ಮಾಡಿದಂತೆ ಆಗುವುದಿಲ್ಲ. ಆ ಮನೆಯಲ್ಲಿ ನಾಲ್ಕು ಮಕ್ಕಳು ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ.

ನೂರು ರೂಪಾಯಿ ಛಾಪಾ ಕಾಗದದ ಮೇಲೆ “ನನಗೆ ಪಾಲು ಬೇಡ” ಎಂದು ತಂಗಿಯರಿಂದ ಬರೆಸಿ, ನೋಟರಿ ಮಾಡಿಸಿ, ಸಾಕ್ಷಿಗೆ ಸಹಿ ಕೇಳುವುದು ಇನ್ನೊಂದು. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ಆ ಕಾಗದದಿಂದ ತಂಗಿಯ ಹಕ್ಕು ಹೋಗದು. ಅದರಿಂದ ಅಣ್ಣನಿಗೆ ಹೊಲ ಸಿಗುವುದಿಲ್ಲ, ನಿಮಗೆ ಮಾತ್ರ ಕೋರ್ಟಿನ ಸಮನ್ಸು ಸಿಗುತ್ತದೆ.

• ಪಂಚರ ಪಾಲುಪಟ್ಟಿ ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಬಂದವನಿಗೆ ತಿಳಿಸಿದರೆ ನಿಮ್ಮ ಮೇಲಿನ ಒತ್ತಾಯ ಅರ್ಧ ಇಳಿಯುತ್ತದೆ. ಹಿಂದೆಯೇ ಆಗಿಹೋದ ಪಾಲನ್ನು ನೆನಪಿಗೆಂದು ಬರೆದಿಟ್ಟರೆ ಅದಕ್ಕೆ ನೋಂದಣಿ ಬೇಡ. ಆದರೆ ಆ ಹಾಳೆಯಲ್ಲೇ “ಇಂದು ಇವನಿಗೆ ಇಷ್ಟು, ಅವನಿಗೆ ಇಷ್ಟು” ಎಂದು ಹೊಸದಾಗಿ ಹಂಚಿದ್ದರೆ ನೋಂದಣಿ ಬೇಕೇ ಬೇಕು. ಇಲ್ಲದಿದ್ದರೆ ಪಾಲು ಆಯಿತು ಎಂಬುದಕ್ಕೆ ಕೋರ್ಟಿನಲ್ಲಿ ಅದು ಪುರಾವೆಯಾಗದು. ಛಾಪಾ ಶುಲ್ಕ ಕಟ್ಟಿರದಿದ್ದರೆ ಕಡಿಮೆಯಾದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡವೂ ಬೀಳುತ್ತದೆ. ಎಂಟು ಹಿರಿಯರು ಸಹಿ ಮಾಡಿದ್ದರೂ ಅಷ್ಟೇ.

ಕಾಗದ ಸರಿಯಾಗಿದ್ದರೂ ಹೊಲದಲ್ಲಿ ಜಗಳ ಹುಟ್ಟುವುದು ಹಿರಿಯರು ಬರೆಯಲು ಮರೆತ ಕಡೆ. ನಮ್ಮ ಎಂಟು ಎಕರೆಯನ್ನೇ ನೋಡಿ. ಬೋರು ಒಬ್ಬರ ಪಾಲಿಗೆ ಹೋದರೆ ನೀರು ಯಾರಿಗೆ ಯಾವ ದಿನ, ಮೋಟಾರು ಸುಟ್ಟರೆ ಖರ್ಚು ಯಾರದು, ಬೋರು ಬತ್ತಿದರೆ ಏನು? ಹೆದ್ದಾರಿ ಪಕ್ಕದ ಪಾಲು ಒಬ್ಬರಿಗಾದರೆ ಹಿಂದಿನ ಮಸಾರಿಗೆ ಬಂಡಿ ದಾರಿ ಎಲ್ಲಿ, ಎಷ್ಟು ಅಡಿ? ಎರಡು ಎಕರೆ ಮಸಾರಿಗೂ ಎರಡು ಎಕರೆ ರಸ್ತೆ ಬದಿಯ ಗರಸಿಗೂ ಕಿಮ್ಮತ್ತು ಒಂದೇ ಅಲ್ಲ. ಒಂದು ಕಡೆ ಗುಂಟೆ ಕಡಿಮೆ ಮಾಡಬೇಕು, ಇಲ್ಲವೇ ದುಡ್ಡಿನಲ್ಲಿ ಸರಿದೂಗಿಸಬೇಕು. ಎಷ್ಟು ಗುಂಟೆ ಎಂಬ ಆ ಅಂಕಿಯನ್ನು ಹೇಳಿದವನ ಹೆಸರೇ ಮುಂದೆ ಇಪ್ಪತ್ತು ವರ್ಷ ಆ ಮನೆಯಲ್ಲಿ ಓಡಾಡುವುದು. ಅದನ್ನು ನಾಲ್ವರೇ ಹೇಳಿಕೊಳ್ಳಲಿ.

• ಕೈ ಬಿಟ್ಟರೂ ದಾರಿ ತೋರಿಸಿ, ಅದೂ ನಾಲ್ವರಿಗೂ ಒಂದೇ ದಾರಿ. ಮೊದಲು ಅಪ್ಪ ಅವ್ವನ ಮರಣ ಪತ್ರ, ಎಲ್ಲ ಹೆಸರಿರುವ ವಂಶವೃಕ್ಷ. ಆಮೇಲೆ ಪಹಣಿ, ಹಳೆಯ ಮ್ಯುಟೇಶನ್ನು, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ; ಅಪ್ಪ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಹೊಲದ ಮೇಲೆ ಸಾಲ ಎತ್ತಿದ್ದು ಎಷ್ಟೋ ಮನೆಗಳಲ್ಲಿ ಮಕ್ಕಳಿಗೇ ಗೊತ್ತಿರುವುದಿಲ್ಲ. ಪೌತಿ ಖಾತೆ ನಾಲ್ವರ ಹೆಸರಿನಲ್ಲಿ ಜಂಟಿಯಾಗಿ ಆಗಲಿ. ಖಾತೆಯಾದ ಕೂಡಲೇ ಪಾಲಾಯಿತು ಎಂದಲ್ಲ, ಅಷ್ಟು ಹೊತ್ತಿಗೆ ಯಾರನ್ನೂ ಬಿಟ್ಟಿಲ್ಲ ಎಂಬ ಧೈರ್ಯ ಬಂದಿರುತ್ತದೆ. ಪಾಲು ಒಪ್ಪಿತವಾದರೆ ಸರ್ವೆಯವರಿಂದ 11ಇ ನಕ್ಷೆ, ಅದರ ಮೇಲೆ ನೋಂದಣಿಯಾದ ವಿಭಾಗ ಪತ್ರ, ಕೊನೆಗೆ ಪೋಡಿ.

ಒಪ್ಪಿತವಾಗದಿದ್ದರೆ ತಾಲ್ಲೂಕಿನ ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಲಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು. ಅಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿ ಕೇಳಬಹುದು. “ಮನೆ ಮರ್ಯಾದೆ ಕೋರ್ಟಿಗೆ ಹೋಯ್ತು” ಎಂದು ಅಣ್ಣ ಗೊಣಗಿದರೆ, ಅಲ್ಲಿ ಕೂತು ರಾಜಿ ಮಾಡಿಸುವವರು ಯಾರ ಬೀಗರೂ ಅಲ್ಲ ಎಂದು ಹೇಳಿ.

• ಎರಡು ಸಂದರ್ಭದಲ್ಲಿ ಮಾತ್ರ ದೂರ ನಿಲ್ಲಬೇಡಿ. ಹಿಂದಿನ ಪಾಲು ಆದಾಗ ನೀವು ಎದುರಿಗಿದ್ದರೆ ನೀವು ಸಾಕ್ಷಿ. ಸಾಕ್ಷಿಯಾದವನು ಪಂಚನಾಗಿ ಕೂರಬಾರದು. ಆದರೆ ಸಮನ್ಸು ಬಂದರೆ ಹೋಗಿ ಕಂಡದ್ದನ್ನು ಹೇಳಲೇಬೇಕು, ಅದಕ್ಕೆ ಒಲ್ಲೆ ಎನ್ನುವಂತಿಲ್ಲ. ಇನ್ನೊಂದು, ಗಂಡ ಸತ್ತ ಸೊಸೆಯನ್ನೋ ಒಂಟಿ ತಂಗಿಯನ್ನೋ ಹೊಡೆದು ಬಡಿದು ಮನೆಯಿಂದ ಹಾಕುತ್ತಿದ್ದರೆ ಅದು ಪಾಲಿನ ಮಾತಲ್ಲ. ಅಲ್ಲಿ 112ಕ್ಕೆ ಫೋನ್ ಮಾಡಿ, ಅವಳ ಜೊತೆ ಠಾಣೆಗೂ ಹೋಗಿ.

• ಒಲ್ಲೆ ಎಂದ ಮೇಲೆ ಒಂದಷ್ಟು ದಿನ ಅಣ್ಣ ಮುಖ ತಿರುಗಿಸಬಹುದು. ನಿಮ್ಮ ಮನೆಯ ಕಾರ್ಯಕ್ಕೆ ನಾಲ್ವರಿಗೂ ಕರೆ ಹೋಗಲಿ. ಅವರ ಮನೆಯ ಕಾರ್ಯಕ್ಕೆ ನೀವೂ ಹೋಗಿ. ಊಟದ ಪಂಕ್ತಿಯಲ್ಲಿ ಹೊಲದ ಮಾತು ಬಂದರೆ ಮಳೆ ಬೆಳೆ ವಿಚಾರಿಸಿ. ಮುಂದೊಂದು ದಿನ ಅವರೇ ಒಪ್ಪಿಕೊಂಡು ನೋಂದಣಿಗೆ ಸಾಕ್ಷಿಯಾಗಿ ಬಾ ಎಂದು ಕರೆದರೆ ಹೋಗಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪೆನ್ನು ತೆಗೆಯುವ ಮೊದಲು ನೋಡಬೇಕಾದದ್ದು ಇಷ್ಟೇ: ಪತ್ರದಲ್ಲಿ ನಾಲ್ಕೂ ಹೆಸರಿದೆಯೇ, ನಾಲ್ವರೂ ಖುದ್ದಾಗಿ ಬಂದಿದ್ದಾರೆಯೇ, ಓದಲು ಬಾರದ ತಂಗಿಗೆ ಯಾರಾದರೂ ಪತ್ರವನ್ನು ಪೂರ್ತಿ ಓದಿ ಹೇಳಿದ್ದಾರೆಯೇ. ಓದಿಲ್ಲವಾದರೆ ಅವಳ ಪಕ್ಕದಲ್ಲಿ ಕೂತು, ಚಕ್ಕುಬಂದಿ ಸಮೇತ ನೀವೇ ಓದಿ ಹೇಳಿ.